ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಆಂತರಿಕ ಅಂಕ ಮತ್ತು ಪರೀಕ್ಷಾ ಅಂಕ ಸೇರಿದ ಬಗೆ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾನ್ಯ ಪೋಷಕರೆ,

2024-25ನೇ ಸಾಲಿನ ಹತ್ತನೇ ತರಗತಿಯ ಫಲಿತಾಂಶ ಬಂದ ದಿನದಿಂದ ತಮ್ಮಲ್ಲಿ ಅನೇಕರು ಶಾಲೆಗೆ ಬಂದು, ಕೆಲವರು ಫೋನ್ ಮಾಡಿ, ಅಂಕಪಟ್ಟಿಯಲ್ಲಿರುವ ಒಟ್ಟು ಮೊತ್ತ ಹೇಗೆ ಬಂತೆಂದು ಕೇಳಿದ್ದೀರಿ. ಈ ತರಗತಿಗೆ ವಿಜ್ಞಾನ ಕಲಿಸಿದವನಾಗಿ, ತರಗತಿ ಶಿಕ್ಷಕನಾಗಿ ಆರೂ ವಿಷಯಗಳ ಆಂತರಿಕ ಅಂಕಗಳನ್ನು ಒಟ್ಟುಗೂಡಿಸಿದವನಾಗಿ, ತಾವು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗೆ ಒಬ್ಬ ವಿದ್ಯಾರ್ಥಿನಿಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ತೋರಿಸಿದ್ದೇನೆ. ವಿವರಿಸಲು ಅನುಕೂಲವಾಗಲೆಂದು ಆ ಅಂಕಗಳನ್ನು ನಾನೇ ಹೊಂದಿಸಿದ್ದೇನೆ. ಅವು ತರಗತಿಯ ಯಾವ ಮಗುವಿನವೂ ಅಲ್ಲ.

ಒಟ್ಟು 625 ಅಂಕಗಳು ಎಲ್ಲಿಂದ ಬಂದವು?

ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100 ಅಂಕ, ಕೂಡಿದರೆ 625. ಪ್ರಥಮ ಭಾಷೆಯ 125ರಲ್ಲಿ 100 ಅಂಕ ಲಿಖಿತ ಪರೀಕ್ಷೆಗೆ, 25 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಉಳಿದ ವಿಷಯಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕಕ್ಕೆ 20. ಹೀಗೆ ಎಲ್ಲ ವಿಷಯಗಳಲ್ಲೂ ಐದನೇ ಒಂದು ಭಾಗ ಶಾಲೆಯಲ್ಲಿ ನಿರ್ಧಾರವಾಗುತ್ತದೆ, ಉಳಿದ ನಾಲ್ಕು ಭಾಗ ಮಂಡಳಿ ನಡೆಸುವ ಪರೀಕ್ಷೆಯಲ್ಲಿ ನಿರ್ಧಾರವಾಗುತ್ತದೆ.

ಆ 20 ಅಂಕಗಳನ್ನು ಶಿಕ್ಷಕರು ವರ್ಷದ ಕೊನೆಗೆ ಒಂದೇ ಸಲ ಕೊಡುತ್ತಾರೆಯೇ?

ಇಲ್ಲ. ಇದು ಬಹಳ ಪೋಷಕರ ಮನಸ್ಸಿನಲ್ಲಿರುವ ಅನುಮಾನವಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಮಕ್ಕಳು ಮನೆಯಲ್ಲಿ ‘ಎಫ್‌ಎ ಒನ್’, ‘ಎಫ್‌ಎ ಟೂ’ ಎಂದು ಹೇಳುವುದು ಇವನ್ನೇ. ಎರಡು ಎಫ್‌ಎಗಳು ದಸರಾ ರಜೆಗೆ ಮುಂಚೆ ಮುಗಿಯುತ್ತವೆ, ಇನ್ನೆರಡು ರಜೆಯ ನಂತರ. ಪ್ರತಿಯೊಂದು ಎಫ್‌ಎ 50 ಅಂಕಗಳದ್ದು. ಅದರಲ್ಲಿ 15 ಅಂಕಗಳ ಎರಡು ಚಟುವಟಿಕೆಗಳು ಮತ್ತು 20 ಅಂಕಗಳ ಒಂದು ಕಿರುಪರೀಕ್ಷೆ ಇರುತ್ತವೆ. ನಾಲ್ಕೂ ಸೇರಿದರೆ 200 ಅಂಕ. ಆ 200ನ್ನು 10ರಿಂದ ಭಾಗಿಸಿದರೆ 20ಕ್ಕೆ ಇಳಿಯುತ್ತದೆ. ಪ್ರಥಮ ಭಾಷೆಯಲ್ಲಿ 8ರಿಂದ ಭಾಗಿಸಿದರೆ 25ಕ್ಕೆ ಇಳಿಯುತ್ತದೆ.

ಆದ್ದರಿಂದ ಅಂಕಪಟ್ಟಿಯಲ್ಲಿ ಕಾಣುವ 17 ಎಂಬ ಒಂದು ಸಂಖ್ಯೆಯ ಹಿಂದೆ ಎಂಟು ಚಟುವಟಿಕೆಗಳು ಮತ್ತು ನಾಲ್ಕು ಕಿರುಪರೀಕ್ಷೆಗಳು, ಅಂದರೆ ಬೇರೆ ಬೇರೆ ದಿನ ಬರೆದಿಟ್ಟ ಹನ್ನೆರಡು ನಮೂದುಗಳು ಇವೆ. ವರ್ಷದ ಕೊನೆಯಲ್ಲಿ ನಾವು ಮಾಡುವುದು ಕೂಡುವ ಮತ್ತು ಭಾಗಿಸುವ ಕೆಲಸ ಮಾತ್ರ.

ಚಟುವಟಿಕೆಗೆ 15ಕ್ಕೆ 12 ಅಥವಾ 14 ಎಂದು ಹೇಗೆ ನಿರ್ಧರಿಸುತ್ತೀರಿ? ಅಲ್ಲಿ ಶಿಕ್ಷಕರ ಇಷ್ಟಾನಿಷ್ಟ ಬರುವುದಿಲ್ಲವೇ?

ನ್ಯಾಯವಾದ ಪ್ರಶ್ನೆ. ಕಿರುಪರೀಕ್ಷೆಯಲ್ಲಿ ಉತ್ತರ ಸರಿಯೋ ತಪ್ಪೋ ಎಂಬುದು ಹಾಳೆಯ ಮೇಲೆಯೇ ಇರುತ್ತದೆ. ಚಟುವಟಿಕೆಯಲ್ಲಿ ಹಾಗಲ್ಲ, ಅಳೆಯುವುದಕ್ಕೆ ಮುಂಚೆ ಅಳತೆಗೋಲನ್ನು ಬರೆದಿಡದಿದ್ದರೆ ಇಷ್ಟಾನಿಷ್ಟ ನುಸುಳುವುದು ಸಹಜ. ಅದಕ್ಕಾಗಿಯೇ ಪ್ರತಿ ಚಟುವಟಿಕೆಗೂ ಮಾನದಂಡಗಳನ್ನು ಮೊದಲೇ ಗೊತ್ತುಮಾಡಿ, ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಗೆ ತಿಳಿಸಿಯೇ ಕೆಲಸ ಆರಂಭಿಸುತ್ತೇವೆ.

ಈ ವರ್ಷ ವಿಜ್ಞಾನದಲ್ಲಿ ಮಾಡಿಸಿದ ಒಂದು ಚಟುವಟಿಕೆಯನ್ನೇ ನೋಡಿ. ಎರಡು ರೋಧಕಗಳನ್ನು ಮೊದಲು ಸರಣಿಯಲ್ಲಿ, ಆಮೇಲೆ ಸಮಾಂತರವಾಗಿ ಜೋಡಿಸಿ ವಿದ್ಯುತ್ ಪ್ರವಾಹವನ್ನು ಅಳೆಯಬೇಕಿತ್ತು. ಅದರ 15 ಅಂಕಗಳನ್ನು ಐದು ಭಾಗ ಮಾಡಿದ್ದೆ: ಮಂಡಲದ ಚಿತ್ರವನ್ನು ಸರಿಯಾಗಿ ಬರೆಯುವುದಕ್ಕೆ ಮೂರು, ಜೋಡಣೆಗೆ ಮೂರು, ಅಳತೆಗಳನ್ನು ಏಕಮಾನದೊಂದಿಗೆ ಕೋಷ್ಟಕದಲ್ಲಿ ಬರೆಯುವುದಕ್ಕೆ ಮೂರು, ಅಳತೆಯಿಂದ ತೀರ್ಮಾನಕ್ಕೆ ಬರುವುದಕ್ಕೆ ಮೂರು, ಕೊನೆಯಲ್ಲಿ ನಾನು ಕೇಳುವ ಒಂದೆರಡು ಮೌಖಿಕ ಪ್ರಶ್ನೆಗಳಿಗೆ ಮೂರು. ಅನೇಕ ಮಕ್ಕಳು ಅಮ್ಮೀಟರನ್ನು ರೋಧಕಕ್ಕೆ ಸಮಾಂತರವಾಗಿ ಜೋಡಿಸಿಬಿಟ್ಟರು; ನಾನು ತೋರಿಸಿದ ಮೇಲೆ ಸರಿಮಾಡಿಕೊಂಡು ಮುಂದುವರಿದವರಿಗೆ ಜೋಡಣೆಯಲ್ಲಿ ಒಂದು ಅಂಕ ಕಡಿಮೆಯಾಯಿತು, ಉಳಿದ ಭಾಗಗಳಲ್ಲಿ ಏನೂ ಕಡಿಮೆಯಾಗಲಿಲ್ಲ. ಅಳತೆ ಸರಿಯಾಗಿ ಬಂದಿದ್ದರೂ ಆಂಪಿಯರ್ ಎಂಬ ಏಕಮಾನವನ್ನೇ ಬರೆಯದವರಿಗೆ ಕೋಷ್ಟಕದಲ್ಲಿ ಅಂಕ ಹೋಯಿತು. ಹಾಳೆಯನ್ನು ಬಣ್ಣದ ಪೆನ್ನಿನಿಂದ ಅಲಂಕರಿಸಿದ್ದಕ್ಕೆ ಅಂಕವಿರಲಿಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ: “ನನ್ನ ಮಗಳ ಫೈಲು ಅಷ್ಟು ಚೆನ್ನಾಗಿದ್ದೂ 12 ಏಕೆ?” ಎಂದು ಕೇಳಿದ ತಾಯಿಗೆ ನಾನು ತೋರಿಸಿದ್ದು ಇದೇ ಐದು ಭಾಗಗಳ ನಮೂದನ್ನು.

ವಿಜ್ಞಾನದ ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುವಿರಾ?

ಖಂಡಿತ. ನಮ್ಮ ಉದಾಹರಣೆಯ ವಿದ್ಯಾರ್ಥಿನಿಗೆ ಮೊದಲ ಎಫ್‌ಎಯ ಎರಡು ಚಟುವಟಿಕೆಗಳಲ್ಲಿ 13 ಮತ್ತು 12, ಕಿರುಪರೀಕ್ಷೆಯಲ್ಲಿ 11 ಬಂದಿವೆ, ಅಲ್ಲಿಗೆ 36. ಎರಡನೆಯದರಲ್ಲಿ 14, 13 ಮತ್ತು 14 ಸೇರಿ 41. ಮೂರನೆಯದರಲ್ಲಿ 13, 14 ಮತ್ತು 16 ಸೇರಿ 43. ನಾಲ್ಕನೆಯದರಲ್ಲಿ 14, 14 ಮತ್ತು 17 ಸೇರಿ 45. ಒಟ್ಟು:

36 + 41 + 43 + 45 = 165
165 ÷ 10 = 16.5

ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಭಿನ್ನರಾಶಿಯನ್ನು ಮುಂದಿನ ಪೂರ್ಣಾಂಕಕ್ಕೆ ಏರಿಸುವುದರಿಂದ ಆಂತರಿಕ ಅಂಕ 17 ಆಗುತ್ತದೆ. ಮಾರ್ಚಿನ ಪರೀಕ್ಷೆಯಲ್ಲಿ 80ಕ್ಕೆ 61 ಬಂದರೆ, 61 + 17 = 78. ಲಿಖಿತ ಪರೀಕ್ಷೆಯ ಅಂಕವನ್ನು ಎಲ್ಲಿಯೂ ಭಾಗಿಸಿಲ್ಲ, ಗುಣಿಸಿಲ್ಲ. ಮೌಲ್ಯಮಾಪಕರು ಕೊಟ್ಟ 61 ಹಾಗೆಯೇ ಸೇರಿದೆ.

ಪ್ರಥಮ ಭಾಷೆ ಕನ್ನಡದಲ್ಲಿ ಅವಳ ನಾಲ್ಕು ಎಫ್‌ಎಗಳ ಮೊತ್ತ 174 ಎಂದಿಟ್ಟುಕೊಳ್ಳೋಣ. ಅದನ್ನು 8ರಿಂದ ಭಾಗಿಸಿದರೆ 21.75, ಅಂದರೆ 22. ಲಿಖಿತ ಪರೀಕ್ಷೆಯ 86 ಸೇರಿದರೆ 125ಕ್ಕೆ 108. ಇದೇ 174 ಅಂಕ ವಿಜ್ಞಾನದಲ್ಲಿ ಬಂದಿದ್ದರೆ 17 ಮಾತ್ರ ಆಗುತ್ತಿತ್ತು. ಕನ್ನಡದಲ್ಲಿ 22, ವಿಜ್ಞಾನದಲ್ಲಿ 17 ಎಂದು ನೋಡಿ, ಕನ್ನಡದ ಶಿಕ್ಷಕರು ಧಾರಾಳಿ, ವಿಜ್ಞಾನದವರು ಬಿಗಿ ಎಂದು ಭಾವಿಸಬಾರದೆಂಬ ಕಾರಣಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಒಂದು 25ಕ್ಕೆ, ಇನ್ನೊಂದು 20ಕ್ಕೆ. ಹೋಲಿಸುವ ಮುಂಚೆ ಯಾವುದಕ್ಕೆ ಎಷ್ಟು ಎಂಬುದನ್ನು ಗಮನಿಸಬೇಕು.

ನಾನು ಪ್ರತಿ ಎಫ್‌ಎಯನ್ನೂ ಐದಕ್ಕೆ ಇಳಿಸಿ ಕೂಡಿದೆ. ನಿಮ್ಮ ಲೆಕ್ಕಕ್ಕೂ ನನ್ನದಕ್ಕೂ ಎರಡು ಅಂಕ ವ್ಯತ್ಯಾಸ ಬರುತ್ತಿದೆ. ಯಾವುದು ಸರಿ?

ತಾವು ಬಹುಶಃ ಪ್ರತಿ ಹಂತದಲ್ಲೂ ಭಿನ್ನರಾಶಿಯನ್ನು ಪೂರ್ಣಾಂಕ ಮಾಡಿದ್ದೀರಿ. ಒಂದು ಮಗುವಿಗೆ ನಾಲ್ಕು ಎಫ್‌ಎಗಳಲ್ಲೂ 50ಕ್ಕೆ 44 ಬಂದಿದೆ ಎನ್ನೋಣ. ಪ್ರತಿಯೊಂದನ್ನೂ ಬೇರೆಯಾಗಿ ಇಳಿಸಿದರೆ 4.4, ಪೂರ್ಣಾಂಕ ಮಾಡಿದರೆ 4, ನಾಲ್ಕು ಸಲ ಕೂಡಿದರೆ 16. ಆದರೆ ಮೊದಲು ಕೂಡಿದರೆ 176, ಹತ್ತರಿಂದ ಭಾಗಿಸಿದರೆ 17.6, ಪೂರ್ಣಾಂಕಕ್ಕೆ 18. ಮಗು ಗಳಿಸಿದ ಅಂಕ ಒಂದೇ, ಕೂಡಿದ ಕ್ರಮ ಬೇರೆಯಾದ ಮಾತ್ರಕ್ಕೆ ಎರಡು ಅಂಕ ಹೋಗುತ್ತದೆ. ಎಲ್ಲ ಎಫ್‌ಎಗಳಲ್ಲೂ 46 ಬಂದಿದ್ದರೆ ಇದರ ವಿರುದ್ಧ ನಡೆಯುತ್ತದೆ: ಬಿಡಿಬಿಡಿಯಾಗಿ 4.6 ಅನ್ನು 5 ಮಾಡಿದರೆ ಪೂರ್ತಿ 20, ಒಟ್ಟಿಗೆ ಮಾಡಿದರೆ 18.4, ಅಂದರೆ 18. ಎರಡೂ ಉದಾಹರಣೆಗಳಲ್ಲಿ ಸರಿಯಾದ ಉತ್ತರ 18. ಹಾಗಾಗಿ ನಮ್ಮ ಶಾಲೆಯಲ್ಲಿ ನಾಲ್ಕನೇ ಎಫ್‌ಎ ಮುಗಿದು 200ಕ್ಕೆ ಮೊತ್ತ ಸಿಕ್ಕಿದ ಮೇಲೆ, ಒಂದೇ ಸಲ ಮಾತ್ರ ಪೂರ್ಣಾಂಕ ಮಾಡುತ್ತೇವೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲೂ ಪೂರ್ವಸಿದ್ಧತಾ ಪರೀಕ್ಷೆಯಲ್ಲೂ ಚೆನ್ನಾಗಿ ಅಂಕ ಬಂದಿತ್ತು. ಅವು ಎಲ್ಲಿ ಹೋದವು?

ಅವು ಈ ಮೊತ್ತದಲ್ಲಿ ಸೇರುವುದಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಹೆಸರೇ ಹೇಳುವಂತೆ ಮಾರ್ಚಿನ ಪರೀಕ್ಷೆಗೆ ಅಭ್ಯಾಸ; ಅಲ್ಲಿ ಕಡಿಮೆ ಅಂಕ ಬಂದವರಿಗೂ ಇದರಿಂದ ನಷ್ಟವಿಲ್ಲ.

ಆರು ವಿಷಯಗಳ ಶೇಕಡಾವಾರು ಸರಾಸರಿ 78.9 ಬರುತ್ತದೆ. ಅಂಕಪಟ್ಟಿಯ ಪ್ರಕಾರ 79.2. ಎಲ್ಲಿ ತಪ್ಪಾಗಿದೆ?

ಇದೇ ಪ್ರಶ್ನೆಯನ್ನು ಬೇರೆ ಬೇರೆ ಸಂಖ್ಯೆಗಳೊಂದಿಗೆ ಮೂರು ನಾಲ್ಕು ಮಂದಿ ಕೇಳಿದ್ದಾರೆ. ನಮ್ಮ ಉದಾಹರಣೆಯ ವಿದ್ಯಾರ್ಥಿನಿಯ ಪೂರ್ತಿ ಪಟ್ಟಿಯನ್ನು ನೋಡಿ.

| ವಿಷಯ | ಲಿಖಿತ | ಆಂತರಿಕ | ಒಟ್ಟು |
|---|---|---|---|
| ಕನ್ನಡ (ಪ್ರಥಮ ಭಾಷೆ) | 86 | 22 | 108 |
| ಇಂಗ್ಲಿಷ್ | 58 | 17 | 75 |
| ಹಿಂದಿ | 66 | 18 | 84 |
| ಗಣಿತ | 52 | 16 | 68 |
| ವಿಜ್ಞಾನ | 61 | 17 | 78 |
| ಸಮಾಜ ವಿಜ್ಞಾನ | 64 | 18 | 82 |
| ಒಟ್ಟು | 387 | 108 | 495 |

ಸರಿಯಾದ ಕ್ರಮವೆಂದರೆ 495ನ್ನು 625ರಿಂದ ಭಾಗಿಸುವುದು. ಆಗ ಶೇಕಡಾ 79.2 ಬರುತ್ತದೆ. ಇದರ ಬದಲು ಕನ್ನಡದ 108ನ್ನು ಶೇಕಡಾ 86.4 ಎಂದು ಮಾಡಿಕೊಂಡು, ಉಳಿದ ಐದರ ಜೊತೆ ಕೂಡಿ ಆರರಿಂದ ಭಾಗಿಸಿದರೆ 78.9 ಬರುತ್ತದೆ. ಎರಡನೆಯ ಕ್ರಮದಲ್ಲಿ ಪ್ರಥಮ ಭಾಷೆಗೂ ಉಳಿದವುಗಳಿಗೂ ಒಂದೇ ತೂಕ ಕೊಟ್ಟಂತಾಗುತ್ತದೆ. ನಿಜದಲ್ಲಿ ಪ್ರಥಮ ಭಾಷೆಯ ತೂಕ ಮಿಕ್ಕ ಒಂದು ವಿಷಯದ ಒಂದೂಕಾಲು ಪಟ್ಟು. ಈ ವಿದ್ಯಾರ್ಥಿನಿ ಕನ್ನಡದಲ್ಲಿ ಮುಂದಿರುವುದರಿಂದ ಅಂಕಪಟ್ಟಿಯ ಲೆಕ್ಕ ಅವಳಿಗೆ ಸ್ವಲ್ಪ ಹೆಚ್ಚು ಕೊಟ್ಟಿದೆ. ಪ್ರಥಮ ಭಾಷೆಯಲ್ಲಿ ಹಿಂದೆ ಬಿದ್ದ ಮಗುವಿಗೆ ಅದೇ ಲೆಕ್ಕ ಸ್ವಲ್ಪ ಕಡಿಮೆ ತೋರಿಸುತ್ತದೆ. ಮನೆಯಲ್ಲಿ ಗಣಿತ, ವಿಜ್ಞಾನಕ್ಕೆ ಟ್ಯೂಷನ್ ಹಾಕಿ, ಕನ್ನಡ ತಾನಾಗಿ ಬರುತ್ತದೆಂದು ಬಿಡುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಪಟ್ಟಿಯಲ್ಲಿ ಅತಿ ದೊಡ್ಡ ಸಂಖ್ಯೆ ಬರುವುದು ಕನ್ನಡದ ಸಾಲಿನಲ್ಲಿ ಎಂಬುದನ್ನು ವಿಜ್ಞಾನದ ಶಿಕ್ಷಕನಾದ ನಾನೇ ನೆನಪಿಸಬೇಕಾಗಿದೆ.

ಗಣಿತದಲ್ಲಿ ಆಂತರಿಕ 18, ಲಿಖಿತ 24, ಒಟ್ಟು 42 ಇದೆ. 35 ದಾಟಿದ್ದರೂ ಅನುತ್ತೀರ್ಣ ಎಂದಿರುವುದೇಕೆ?

ಈ ಪ್ರಶ್ನೆ ಕೇಳಿದ ತಂದೆಯವರ ಬೇಸರ ನನಗೆ ಅರ್ಥವಾಗುತ್ತದೆ, ಏಕೆಂದರೆ ಒಟ್ಟು ಮೊತ್ತವನ್ನಷ್ಟೇ ನೋಡಿದವರಿಗೆ ಇದು ಅನ್ಯಾಯದಂತೆಯೇ ಕಾಣುತ್ತದೆ. ಈ ತಂಡದ ಮಕ್ಕಳಿಗೆ ಅನ್ವಯವಾದ ನಿಯಮದಲ್ಲಿ ಎರಡು ಗೆರೆಗಳಿವೆ. ವಿಷಯದ ಒಟ್ಟು ಅಂಕ ಶೇಕಡಾ 35 ಮುಟ್ಟುವುದು ಒಂದು ಗೆರೆ. ಲಿಖಿತ ಪರೀಕ್ಷೆಯಲ್ಲಿಯೇ ಬೇರೆಯಾಗಿ ಶೇಕಡಾ 35, ಅಂದರೆ 80ಕ್ಕೆ 28, ಪ್ರಥಮ ಭಾಷೆಯಲ್ಲಿ 100ಕ್ಕೆ 35 ಮುಟ್ಟುವುದು ಇನ್ನೊಂದು ಗೆರೆ. ಲಿಖಿತದಲ್ಲಿ 24 ಬಂದ ಮಗುವಿಗೆ ನಾಲ್ಕು ಅಂಕ ಕೊರತೆಯಾಗಿದೆ. ಆ ಕೊರತೆಯನ್ನು ಆಂತರಿಕದ 18 ತುಂಬಲಾರದು. ಆಂತರಿಕ ಅಂಕ ಒಟ್ಟು ಮೊತ್ತಕ್ಕೆ ಸೇರುತ್ತದೆಯೇ ಹೊರತು ಲಿಖಿತದ ಗೆರೆ ದಾಟಿಸುವುದಿಲ್ಲ.

ಮುಂದಿನ ಸಾಲಿನ ಮಕ್ಕಳ ಪೋಷಕರು ಈ ಸಂಖ್ಯೆಗಳನ್ನೇ ನೆಚ್ಚಿಕೊಳ್ಳದೆ, ಆಯಾ ವರ್ಷ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಹೊರಡಿಸುವ ಅಧಿಸೂಚನೆಯನ್ನು ನೋಡಬೇಕೆಂದು ಕೋರುತ್ತೇನೆ.

ಪಕ್ಕದ ಮನೆಯ ಹುಡುಗನಿಗೆ ಆಂತರಿಕ 20ಕ್ಕೆ 20, ನನ್ನ ಮಗನಿಗೆ 17. ಇದರಿಂದಲೇ ಅವನು ಹಿಂದೆ ಬಿದ್ದನೇ?

ಮೂರು ಅಂಕ ಕಡಿಮೆಯಾದದ್ದು ನಿಜ. ಆದರೆ ಆ ಮೂರು ಅಂಕ ಬರಬೇಕಾದರೆ ವರ್ಷವಿಡೀ ಎಫ್‌ಎಗಳಲ್ಲಿ ಸುಮಾರು 30 ಅಂಕ ಹೆಚ್ಚು ಬರಬೇಕಿತ್ತು ಎಂಬುದನ್ನೂ ನೋಡಬೇಕು. ಎಫ್‌ಎಯ ಹತ್ತು ಅಂಕ ಕೊನೆಯ ಮೊತ್ತದಲ್ಲಿ ಒಂದು ಅಂಕವಾಗುತ್ತದೆ. ಲಿಖಿತ ಪರೀಕ್ಷೆಯ ಒಂದು ಅಂಕ ಒಂದಾಗಿಯೇ ಉಳಿಯುತ್ತದೆ. ನಮ್ಮ ತರಗತಿಯಲ್ಲಿ ಹೆಚ್ಚಿನ ಮಕ್ಕಳ ಆಂತರಿಕ ಅಂಕ 15ರಿಂದ 19ರ ನಡುವೆಯೇ ಇವೆ. ಲಿಖಿತ ಅಂಕಗಳು ಮಾತ್ರ ಇಪ್ಪತ್ತರ ಆಸುಪಾಸಿನಿಂದ ಎಪ್ಪತ್ತರಾಚೆಗೂ ಹರಡಿಕೊಂಡಿವೆ. ಮಕ್ಕಳ ನಡುವಿನ ಅಂತರವನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಲಿಖಿತ ಪರೀಕ್ಷೆಯೇ.

ಆಂತರಿಕ 19 ಇದ್ದು ಲಿಖಿತದಲ್ಲಿ 30 ಬಂದ ಮಗು, ಆಂತರಿಕ 15 ಇದ್ದು ಲಿಖಿತದಲ್ಲಿ 68 ಬಂದ ಮಗು, ಇಂಥ ಎರಡೂ ಬಗೆಯವರು ನಮ್ಮಲ್ಲಿದ್ದಾರೆ. ಮೊದಲನೆಯ ಮಗುವಿನ ವಿಷಯದಲ್ಲಿ ಚಟುವಟಿಕೆಯ ಅಂಕವನ್ನೂ ಕಿರುಪರೀಕ್ಷೆಯ ಅಂಕವನ್ನೂ ಬೇರೆ ಮಾಡಿ ನೋಡುವುದು ಒಳ್ಳೆಯದು. ಚಟುವಟಿಕೆಗಳಲ್ಲಿ 14, 15 ಬಂದು ಕಿರುಪರೀಕ್ಷೆಯಲ್ಲಿ 20ಕ್ಕೆ 9 ಬರುತ್ತಿದ್ದರೆ, ಮಗುವಿಗೆ ವಿಷಯ ಗೊತ್ತಿದೆ, ಬರೆದು ಹೇಳುವುದು ಕಷ್ಟವಾಗುತ್ತಿದೆ ಎಂದು ಎರಡನೇ ಎಫ್‌ಎ ಹೊತ್ತಿಗೇ ತಿಳಿಯುತ್ತದೆ. ಒಟ್ಟು ಅಂಕ ಮಾತ್ರ ನೋಡಿದರೆ ಆ ಸುಳಿವು ಮುಚ್ಚಿಹೋಗುತ್ತದೆ. ಪೋಷಕರ ಸಭೆಯಲ್ಲಿ ನಾನು ಎರಡನ್ನೂ ಬಿಡಿಬಿಡಿಯಾಗಿ ಓದುವುದು ಇದಕ್ಕಾಗಿಯೇ.

ಮಗು ಜ್ವರದಿಂದ ಒಂದು ಎಫ್‌ಎಗೆ ಬರಲಿಲ್ಲ. ಆ 50 ಅಂಕ ಸೊನ್ನೆಯಾಯಿತೇ?

ಆಗಿಲ್ಲ. ಕಾರಣ ತಿಳಿಸಿದವರಿಗೆ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ನಮ್ಮ ಶಾಲೆಯಲ್ಲಿ ಬೇರೊಂದು ದಿನ ಬೇರೆ ಪ್ರಶ್ನೆಪತ್ರಿಕೆಯಲ್ಲಿ ಕಿರುಪರೀಕ್ಷೆ ನಡೆಸಿ, ಚಟುವಟಿಕೆಯನ್ನೂ ಮಾಡಿಸಿದ್ದೇವೆ. ದಾಖಲೆಯಲ್ಲಿ ಆ ದಿನಾಂಕವೇ ಇದೆ.

ಕೂಡುವಾಗ ಅಥವಾ ಬರೆದುಕೊಳ್ಳುವಾಗ ತಪ್ಪಾಗುವುದಿಲ್ಲವೇ?

ಆಗುತ್ತದೆ, ನನ್ನಿಂದಲೇ ಆಗಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನ ಎರಡನೇ ಎಫ್‌ಎಯ 43ನ್ನು ಅಂಕವಹಿಯಿಂದ ಕಂಪ್ಯೂಟರಿಗೆ ಏರಿಸುವಾಗ 34 ಎಂದು ಬರೆದುಬಿಟ್ಟೆ. ಅವನ ನಿಜವಾದ ಮೊತ್ತ 180, ಆಂತರಿಕ 18. ನನ್ನ ತಪ್ಪಿನಿಂದ ಮೊತ್ತ 171 ಆಗಿ ಆಂತರಿಕ 17ಕ್ಕೆ ಇಳಿದಿತ್ತು. ಅಂಕಿಗಳು ಅದಲು ಬದಲಾದರೂ ಸಂಖ್ಯೆ 50ರೊಳಗೇ ಇದ್ದುದರಿಂದ ನನ್ನ ಕಣ್ಣಿಗೆ ಅಸಹಜವಾಗಿ ಕಾಣಲಿಲ್ಲ. ಹಿಡಿದದ್ದು ಆ ಹುಡುಗನೇ. ಮಂಡಳಿಗೆ ಅಂಕಗಳನ್ನು ಕಳಿಸುವ ಮುಂಚೆ ಮುದ್ರಿತ ಪಟ್ಟಿಯನ್ನು ಮಕ್ಕಳಿಗೆ ತೋರಿಸಿ ಸಹಿ ಪಡೆಯುತ್ತಿದ್ದಾಗ, ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದ ನಾಲ್ಕು ಅಂಕಿಗಳನ್ನು ನನ್ನ ಮುಂದೆ ಹಿಡಿದು, “ಸಾರ್, ಎರಡನೇದು ನಲವತ್ಮೂರು ಅಲ್ವಾ?” ಎಂದ. ಅಂಕವಹಿ ತೆರೆದು ನೋಡಿದೆವು. ಅವನು ಹೇಳಿದ್ದೇ ಸರಿ.

ಅಂದಿನಿಂದ ಒಬ್ಬ ಶಿಕ್ಷಕರು ಅಂಕವಹಿಯಿಂದ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪರದೆಯ ಮೇಲಿನದನ್ನು ತಾಳೆ ನೋಡುತ್ತಾರೆ. ಆಮೇಲೆಯೇ ಪಟ್ಟಿ ಮಕ್ಕಳ ಸಹಿಗೆ ಹೋಗುತ್ತದೆ. ಈ ವರ್ಷವೂ ಹಾಗೆಯೇ ಮಾಡಿದ್ದೇವೆ. ಸಹಿಯಾದ ಪಟ್ಟಿ ಕಚೇರಿಯಲ್ಲಿದೆ.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರೆ ಆಂತರಿಕ ಅಂಕವೂ ಬದಲಾಗಬಹುದೇ?

ಇಲ್ಲ. ಉತ್ತರ ಪತ್ರಿಕೆಯ ಪ್ರತಿ ಪಡೆಯುವುದಾಗಲಿ, ಮರುಎಣಿಕೆ, ಮರುಮೌಲ್ಯಮಾಪನವಾಗಲಿ ಲಿಖಿತ ಪರೀಕ್ಷೆಗೆ ಮಾತ್ರ ಸಂಬಂಧಿಸಿದ್ದು. ಪ್ರತಿ ಕೈಗೆ ಬಂದಾಗ ಮೊದಲು ಒಳಗಿನ ಪ್ರತಿ ಉತ್ತರಕ್ಕೆ ಕೊಟ್ಟ ಅಂಕಗಳನ್ನು ಕೂಡಿ, ಮುಖಪುಟದ ಮೊತ್ತದೊಂದಿಗೆ ತಾಳೆ ನೋಡಿ. ನಂತರ ಅಂಕವನ್ನೇ ಹಾಕದೆ ಬಿಟ್ಟ ಉತ್ತರವಿದೆಯೇ ನೋಡಿ. ಬಳಿಕವೇ ಉತ್ತರಕ್ಕೆ ಕಡಿಮೆ ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆ ಬರುತ್ತದೆ. ಅದನ್ನು ವಿಷಯ ಶಿಕ್ಷಕರಿಗೆ ತೋರಿಸಿ ಕೇಳಿದರೆ ಅರ್ಜಿ ಹಾಕುವುದು ತಕ್ಕುದೇ ಎಂದು ಪ್ರಾಮಾಣಿಕವಾಗಿ ಹೇಳುತ್ತೇವೆ.

ಪರೀಕ್ಷೆ-2 ಅಥವಾ ಪರೀಕ್ಷೆ-3 ಬರೆದರೆ ಆಂತರಿಕ ಅಂಕಕ್ಕಾಗಿ ಮತ್ತೆ ಚಟುವಟಿಕೆ ಮಾಡಬೇಕೇ?

ಬೇಕಿಲ್ಲ. ಈ ವರ್ಷ ಗಳಿಸಿದ ಆಂತರಿಕ ಅಂಕವೇ ಮುಂದಿನ ಎರಡು ಪರೀಕ್ಷೆಗಳಿಗೂ ಸೇರುತ್ತದೆ. ಮೇಲೆ ಹೇಳಿದ ಗಣಿತದ ವಿದ್ಯಾರ್ಥಿ ಪರೀಕ್ಷೆ-2ರಲ್ಲಿ 80ಕ್ಕೆ 33 ಪಡೆದರೆ, ಅದೇ 18 ಸೇರಿ ಅವನ ಮೊತ್ತ 51 ಆಗುತ್ತದೆ, ಲಿಖಿತದ ಗೆರೆಯನ್ನೂ ದಾಟಿದಂತಾಗುತ್ತದೆ. ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು; ಯಾವ ಪರೀಕ್ಷೆಯಲ್ಲಿ ಹೆಚ್ಚು ಬಂದಿದೆಯೋ ಅದನ್ನೇ ಉಳಿಸಿಕೊಳ್ಳುವ ವ್ಯವಸ್ಥೆ 2023-24ರಿಂದ ಇದೆ, ಆದ್ದರಿಂದ ಎರಡನೆಯ ಸಲ ಕಡಿಮೆ ಬಂದೀತೆಂದು ಹೆದರಬೇಕಾಗಿಲ್ಲ.

ನನ್ನ ಮಗುವಿನ ಹನ್ನೆರಡು ನಮೂದುಗಳನ್ನು ನಾನೇ ನೋಡಬಹುದೇ?

ನೋಡಬಹುದು. ಶಾಲೆಯ ವೇಳೆಯಲ್ಲಿ ಸಂಜೆ ಕೊನೆಯ ಅವಧಿಯ ನಂತರ ನಾನು ಶಿಕ್ಷಕರ ಕೊಠಡಿಯಲ್ಲಿರುತ್ತೇನೆ. ಅಂಕಪಟ್ಟಿಯ ಪ್ರತಿಯನ್ನು ಜೊತೆಯಲ್ಲಿ ತನ್ನಿ. ಸಾಧ್ಯವಾದರೆ ಮಗುವನ್ನೂ ಕರೆತನ್ನಿ. ಬೇರೆ ಮಕ್ಕಳ ಸಾಲುಗಳನ್ನು ತೋರಿಸಲಾಗದೆ ಇರುವುದರಿಂದ ಅಂಕವಹಿಯ ಆ ಪುಟದ ಮೇಲೆ ಕಾಗದ ಮುಚ್ಚಿ, ತಮ್ಮ ಮಗುವಿನ ಸಾಲನ್ನು ಮಾತ್ರ ತೆರೆದು ತೋರಿಸುತ್ತೇನೆ. ಕೂಡಿ ನೋಡಲು ಕಾಗದ, ಪೆನ್ನು ಅಲ್ಲಿಯೇ ಇರುತ್ತವೆ.

ತಮ್ಮ ವಿಶ್ವಾಸಿ,
ಹತ್ತನೇ ತರಗತಿಯ ತರಗತಿ ಶಿಕ್ಷಕ